ವಿದೇಶದ ಭಾರತೀಯ ದೂತಾವಾಸದಲ್ಲಿ ಅಫಿಡವಿಟ್ ದೃಢೀಕರಣ

ವಿದೇಶದಲ್ಲಿ ವಾಸಿಸುವ ವ್ಯಕ್ತಿಯು ಭಾರತದ ಕಚೇರಿ ಅಥವಾ ನ್ಯಾಯಾಲಯದಲ್ಲಿ ಸಲ್ಲಿಸಬೇಕಾದ ಅಫಿಡವಿಟ್ಟಿಗೆ (ಶಪಥಪತ್ರ, ಪ್ರಮಾಣಪತ್ರ) ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಅಥವಾ ಕಾನ್ಸುಲೇಟಿನ ಅಧಿಕಾರಿಯ ಎದುರು ಸಹಿ ಹಾಕಿ, ಮೊಹರು ಪಡೆಯುವ ವಿಧಾನವನ್ನು ದೂತಾವಾಸದ ದೃಢೀಕರಣ ಎನ್ನುತ್ತಾರೆ. ಊರಿನಲ್ಲಿ ನೋಟರಿ ಮಾಡುವ ಕೆಲಸವನ್ನೇ ಇಲ್ಲಿ ಕಾನ್ಸುಲರ್ ಅಧಿಕಾರಿ ಮಾಡುತ್ತಾನೆ. ಪೌತಿ ಖಾತೆ, ವಂಶವೃಕ್ಷ, ಹೆಸರಿನ ವ್ಯತ್ಯಾಸ, ಮಕ್ಕಳ ಪಾಸ್‌ಪೋರ್ಟ್ ಮುಂತಾದ ಸಂದರ್ಭಗಳಲ್ಲಿ ಇದರ ಅಗತ್ಯ ಬೀಳುತ್ತದೆ.

ಕಾನೂನಿನ ಆಧಾರ

ಈ ಅಧಿಕಾರವು 1948ರ ರಾಜತಾಂತ್ರಿಕ ಮತ್ತು ಕಾನ್ಸುಲರ್ ಅಧಿಕಾರಿಗಳ (ಪ್ರಮಾಣ ಮತ್ತು ಶುಲ್ಕ) ಅಧಿನಿಯಮದ 3ನೆಯ ಪ್ರಕರಣದಿಂದ ದೊರೆಯುತ್ತದೆ. ಅದರ ಪ್ರಕಾರ ಇಂತಹ ಅಧಿಕಾರಿಯು ತಾನು ಕಾರ್ಯನಿರ್ವಹಿಸುವ ದೇಶದಲ್ಲಿ ಪ್ರಮಾಣ ಬೋಧಿಸಬಹುದು, ಅಫಿಡವಿಟ್ ಪಡೆಯಬಹುದು ಮತ್ತು ನೋಟರಿಯು ಮಾಡಬಹುದಾದ ಕಾರ್ಯಗಳನ್ನು ಮಾಡಬಹುದು. ಅವು ಭಾರತದೊಳಗೆ ಅಧಿಕೃತ ವ್ಯಕ್ತಿಯ ಎದುರು ನಡೆದಷ್ಟೇ ಸಿಂಧುವಾಗಿರುತ್ತವೆ. ಅಧಿಕಾರಿಯ ಸಹಿಯನ್ನೂ ಮೊಹರನ್ನೂ ಬೇರೆ ಸಾಕ್ಷ್ಯದಿಂದ ರುಜುವಾತುಪಡಿಸಬೇಕಾಗಿಲ್ಲ.

ವಿದೇಶದ ಸ್ಥಳೀಯ ನೋಟರಿಯ ಎದುರು ಮಾಡಿದ ಅಫಿಡವಿಟ್ಟಿಗೆ ಈ ಅನುಕೂಲವಿಲ್ಲ. ಆ ದೇಶವು 1961ರ ಹೇಗ್ ಒಡಂಬಡಿಕೆಗೆ ಸೇರಿದ್ದರೆ ಪತ್ರಕ್ಕೆ ಅಪೊಸ್ಟೈಲ್ ಎಂಬ ಪ್ರಮಾಣೀಕರಣ ಬೇಕಾಗುತ್ತದೆ. ಭಾರತಕ್ಕೆ ಈ ಒಡಂಬಡಿಕೆ 2005ರ ಜುಲೈ 14ರಿಂದ ಅನ್ವಯವಾಗಿದೆ. ಸೇರದ ದೇಶಗಳಲ್ಲಿ ಅಲ್ಲಿಯ ಇಲಾಖೆಗಳ ಮೂಲಕ ಹಾದು ಕೊನೆಗೆ ಭಾರತೀಯ ದೂತಾವಾಸಕ್ಕೇ ಬರಬೇಕಾಗುತ್ತದೆ. ಕಾನ್ಸುಲರ್ ಅಧಿಕಾರಿಯೇ ನೀಡಿದ ಪತ್ರಗಳು ಈ ಒಡಂಬಡಿಕೆಯ ವ್ಯಾಪ್ತಿಯ ಹೊರಗಿರುವುದರಿಂದ ಅವಕ್ಕೆ ಅಪೊಸ್ಟೈಲ್ ಬೇಕಾಗಿಲ್ಲ.

ದೃಢೀಕರಣದ ಅರ್ಥ

ಅಧಿಕಾರಿಯು ದೃಢೀಕರಿಸುವುದು ಒಂದೇ ಸಂಗತಿಯನ್ನು: ಇಂತಹ ಪಾಸ್‌ಪೋರ್ಟ್ ಹೊಂದಿರುವ ವ್ಯಕ್ತಿ ಇಂತಹ ದಿನ ತನ್ನ ಎದುರು ಪ್ರಮಾಣ ಮಾಡಿ ಸಹಿ ಹಾಕಿದ್ದಾನೆ ಎಂಬುದನ್ನು. ಅಫಿಡವಿಟ್ಟಿನಲ್ಲಿರುವ ಮಾತುಗಳು ಸತ್ಯವೇ ಎಂಬುದು ಅವನ ಹೊಣೆಯಲ್ಲ. ಆದ್ದರಿಂದಲೇ ಗುರುತಿನ ದಾಖಲೆಗಳ ಪರಿಶೀಲನೆ ಈ ಕಾರ್ಯದ ಮುಖ್ಯ ಭಾಗವಾಗಿದೆ. ಮೊದಲೇ ಸಹಿ ಮಾಡಿ ತಂದ ಪತ್ರವನ್ನು ಸಾಮಾನ್ಯವಾಗಿ ಸ್ವೀಕರಿಸದಿರುವುದಕ್ಕೂ ಇದೇ ಕಾರಣ.

ಗುರುತಿನ ದಾಖಲೆಗಳು

ಮೊದಲನೆಯದು ಚಾಲ್ತಿಯಲ್ಲಿರುವ ಮೂಲ ಪಾಸ್‌ಪೋರ್ಟ್. ಅದರ ಮೊದಲ ಮತ್ತು ಕೊನೆಯ ಪುಟಗಳ ಪ್ರತಿಯನ್ನೂ ಕೊಡಬೇಕು. ಕೊನೆಯ ಪುಟದಲ್ಲಿ ತಂದೆ ತಾಯಿಯ ಹೆಸರು ಮತ್ತು ಊರಿನ ವಿಳಾಸ ಇರುವುದರಿಂದ, ಕುಟುಂಬದ ಆಸ್ತಿಗೆ ಸಂಬಂಧಿಸಿದ ಅಫಿಡವಿಟ್ಟಿಗೆ ಆ ಪುಟ ವಿಶೇಷವಾಗಿ ಉಪಯುಕ್ತ. ಆಧಾರ್ ಚೀಟಿಯು ಪೌರತ್ವದ ದಾಖಲೆಯಲ್ಲವಾದ್ದರಿಂದ ಪಾಸ್‌ಪೋರ್ಟಿಗೆ ಬದಲಿಯಾಗುವುದಿಲ್ಲ.

ಎರಡನೆಯದು ಆ ದೇಶದಲ್ಲಿ ಕಾನೂನುಬದ್ಧವಾಗಿ ವಾಸಿಸುತ್ತಿರುವುದಕ್ಕೆ ಆಧಾರ: ವೀಸಾ, ನಿವಾಸ ಪರವಾನಗಿ ಅಥವಾ ಅಲ್ಲಿಯ ನಿವಾಸಿ ಗುರುತುಚೀಟಿ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2022ರಿಂದ ಪಾಸ್‌ಪೋರ್ಟಿನಲ್ಲಿ ನಿವಾಸ ವೀಸಾ ಅಂಟಿಸುವುದನ್ನು ನಿಲ್ಲಿಸಲಾಗಿದ್ದು, ಎಮಿರೇಟ್ಸ್ ಐಡಿಯೇ ಈ ಆಧಾರವಾಗಿದೆ.

ಮೂರನೆಯದು ಸ್ಥಳೀಯ ವಿಳಾಸದ ಪುರಾವೆ. ಪ್ರತಿ ದೂತಾವಾಸಕ್ಕೂ ನಿಗದಿತ ಪ್ರದೇಶವಿದೆ. ಅಬುಧಾಬಿ ಎಮಿರೇಟಿನ ನಿವಾಸಿಗಳಿಗೆ ಅಲ್ಲಿಯ ರಾಯಭಾರ ಕಚೇರಿ, ದುಬೈ ಮತ್ತು ಉತ್ತರದ ಎಮಿರೇಟುಗಳವರಿಗೆ ದುಬೈಯ ಕಾನ್ಸುಲೇಟ್ ಸಲ್ಲುತ್ತದೆ. ವಿಳಾಸದ ಪುರಾವೆಯಿಂದ ಅರ್ಜಿದಾರನು ಯಾವ ಕಚೇರಿಗೆ ಸೇರಿದವನೆಂಬುದು ತಿಳಿಯುತ್ತದೆ.

ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರು ತಮ ವಿದೇಶಿ ಪಾಸ್‌ಪೋರ್ಟಿನೊಂದಿಗೆ ಸಾಗರೋತ್ತರ ಭಾರತೀಯ ನಾಗರಿಕ (ಓಸಿಐ) ಚೀಟಿಯನ್ನು ತೋರಿಸಬೇಕಾಗುತ್ತದೆ. ಶುಲ್ಕ, ಭಾವಚಿತ್ರಗಳ ಸಂಖ್ಯೆ ಮತ್ತು ಮುಂಗಡ ಸಮಯ ಕಾಯ್ದಿರಿಸುವ ಕ್ರಮ ಕಚೇರಿಯಿಂದ ಕಚೇರಿಗೆ ಬೇರೆಯಾಗಿದ್ದು, ಆಯಾ ದೂತಾವಾಸದ ಜಾಲತಾಣದಲ್ಲಿ ಪ್ರಕಟವಾಗಿರುತ್ತವೆ.

ಒಂದು ನಿದರ್ಶನ

ಮಂಗಳೂರು ತಾಲ್ಲೂಕಿನ ಕೃಷಿಕನೊಬ್ಬ ತೀರಿಕೊಂಡಿದ್ದು, ಊರಿನಲ್ಲಿರುವ ಹಿರಿಯ ಮಗ ಪೌತಿ ಖಾತೆಗಾಗಿ ಅರ್ಜಿ ಹಾಕಿದ್ದಾನೆ ಎಂದು ಭಾವಿಸೋಣ. ದುಬೈಯಲ್ಲಿರುವ ಕಿರಿಯ ಮಗನು ವಾರಸುದಾರರ ವಿವರವನ್ನು ಒಪ್ಪಿ ಅಫಿಡವಿಟ್ ಕಳುಹಿಸಬೇಕು. ಅವನ ಹೆಸರು ಶಾಲಾ ದಾಖಲೆಯಲ್ಲಿಯೂ ವಂಶವೃಕ್ಷದಲ್ಲಿಯೂ ‘ಕೆ. ರಮೇಶ’ ಎಂದಿದೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದಿರುವುದರಿಂದ ‘ರಮೇಶ ಕೃಷ್ಣಪ್ಪ’ ಎಂದಾಗಿದೆ.

ಅಣ್ಣನು ಊರಿನಲ್ಲಿ ಛಾಪಾ ಕಾಗದದ ಮೇಲೆ ‘ಕೆ. ರಮೇಶ’ ಎಂಬ ಹೆಸರಿನಲ್ಲಿ, ‘ಸ್ಥಳ: ಮಂಗಳೂರು’ ಎಂದು ಬರೆಸಿ ಕಳುಹಿಸಿದರೆ ಎರಡು ತೊಡಕುಗಳು ಉಂಟಾಗುತ್ತವೆ. ಅಧಿಕಾರಿಯ ಮುಂದಿರುವ ಪಾಸ್‌ಪೋರ್ಟಿನಲ್ಲಿ ಆ ಹೆಸರಿನ ವ್ಯಕ್ತಿ ಇಲ್ಲ. ಸಹಿ ಆಗುವ ಸ್ಥಳ ದುಬೈ, ಮಂಗಳೂರಲ್ಲ. ಇಂತಹ ಪತ್ರವನ್ನು ದೂತಾವಾಸವು ಹಿಂದಿರುಗಿಸುವ ಸಂಭವ ಹೆಚ್ಚು. ಅದು ಗಮನಕ್ಕೆ ಬಾರದೆ ದಾಟಿಹೋದರೆ ತಾಲ್ಲೂಕು ಕಚೇರಿಯಲ್ಲಿ ಆಕ್ಷೇಪಣೆ ಬರುತ್ತದೆ.

ಸರಿಯಾದ ಕ್ರಮವೆಂದರೆ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರನ್ನು ಬರೆದು, ತಂದೆಯ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದುಬೈಯ ವಿಳಾಸ ಮತ್ತು ಊರಿನ ವಿಳಾಸಗಳನ್ನು ನಮೂದಿಸುವುದು. ಬಳಿಕ ‘ಶಾಲಾ ದಾಖಲೆ ಮತ್ತು ವಂಶವೃಕ್ಷದಲ್ಲಿರುವ ಕೆ. ರಮೇಶ ಹಾಗೂ ರಮೇಶ ಕೃಷ್ಣಪ್ಪ ಎಂಬ ಎರಡೂ ಹೆಸರುಗಳು ನನ್ನವೇ’ ಎಂಬ ಪ್ರತ್ಯೇಕ ಪರಿಚ್ಛೇದವನ್ನು ಸೇರಿಸಬೇಕು. ದಿನಾಂಕ ಮತ್ತು ಸಹಿಯ ಜಾಗಗಳನ್ನು ಖಾಲಿ ಬಿಟ್ಟು ಅಧಿಕಾರಿಯ ಎದುರೇ ತುಂಬಬೇಕು. ಪುಟಗಳು ಹಲವಿದ್ದರೆ ಪ್ರತಿ ಪುಟಕ್ಕೂ ಸಹಿ ಹಾಕಬೇಕು. ಕನ್ನಡದ ಪತ್ರವನ್ನು ಓದಲಾರದ ಅಧಿಕಾರಿ ಇರಬಹುದಾದ್ದರಿಂದ ಇಂಗ್ಲಿಷಿನಲ್ಲಿ ಅಥವಾ ಎರಡೂ ಭಾಷೆಗಳಲ್ಲಿ ಸಿದ್ಧಪಡಿಸುವುದು ಅನುಕೂಲಕರ.

ಭಾರತಕ್ಕೆ ಬಂದ ನಂತರ

ಸ್ಕ್ಯಾನ್ ಮಾಡಿದ ಪ್ರತಿಯನ್ನಲ್ಲದೆ ಮೊಹರಿರುವ ಮೂಲ ಪತ್ರವನ್ನೇ ಅಂಚೆ ಅಥವಾ ಕೊರಿಯರ್ ಮೂಲಕ ಕಳುಹಿಸಬೇಕು. ವಿದೇಶದಲ್ಲಿ ಸಹಿಯಾದ ಪತ್ರವನ್ನು, ಅದು ರಾಜ್ಯಕ್ಕೆ ಮೊದಲು ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕಕ್ಕೆ ಒಳಪಡಿಸಲು 1957ರ ಕರ್ನಾಟಕ ಮುದ್ರಾಂಕ ಅಧಿನಿಯಮದ 18ನೆಯ ಪ್ರಕರಣವು ಅವಕಾಶ ನೀಡುತ್ತದೆ. ಕೊರಿಯರಿನ ಲಕೋಟೆಯನ್ನು ಇಟ್ಟುಕೊಂಡರೆ ತಲುಪಿದ ದಿನಕ್ಕೆ ಆಧಾರ ಸಿಗುತ್ತದೆ. ನ್ಯಾಯಾಲಯದಲ್ಲಿ ಹಾಜರುಪಡಿಸಲೆಂದೇ ಮಾಡಿದ ಅಫಿಡವಿಟ್ಟಿಗೆ ಈ ಮುದ್ರಾಂಕ ಶುಲ್ಕದಿಂದ ವಿನಾಯಿತಿ ಇದೆ.

ಮಿತಿಗಳು

ಅಫಿಡವಿಟ್ ಒಂದು ಹೇಳಿಕೆ ಮಾತ್ರ. ಮೇಲಿನ ನಿದರ್ಶನದಲ್ಲಿ ಕಿರಿಯ ಮಗನು ‘ಖಾತೆಯು ಅಣ್ಣನ ಹೆಸರಿಗೆ ಆಗಲು ನನ್ನ ಆಕ್ಷೇಪಣೆ ಇಲ್ಲ’ ಎಂದು ಬರೆದರೂ ಜಮೀನಿನಲ್ಲಿರುವ ಅವನ ಪಾಲು ಅದರಿಂದಲೇ ಅಣ್ಣನಿಗೆ ಸೇರುವುದಿಲ್ಲ. ಖಾತೆಯು ಕಂದಾಯದ ದಾಖಲೆಯೇ ಹೊರತು ಒಡೆತನದ ಮೂಲವಲ್ಲ. ಪಾಲನ್ನು ನಿಜವಾಗಿ ಬಿಟ್ಟುಕೊಡಬೇಕಿದ್ದರೆ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಬೇಕು. ಅದನ್ನು ಊರಿನಲ್ಲಿ ತನ್ನ ಪರವಾಗಿ ಬರೆದುಕೊಡಲು ಬೇರೊಬ್ಬನನ್ನು ನೇಮಿಸುವುದಾದರೆ, ದೂತಾವಾಸದಲ್ಲಿ ಮಾಡಿಸಬೇಕಾದದ್ದು ಅಫಿಡವಿಟ್ ಅಲ್ಲ, ಮುಖ್ತಿಯಾರ್‌ನಾಮೆ. ಅದಕ್ಕೆ ಸಾಮಾನ್ಯವಾಗಿ ಇಬ್ಬರು ಸಾಕ್ಷಿಗಳೂ ಅವರ ಗುರುತಿನ ದಾಖಲೆಗಳೂ ಬೇಕಾಗುತ್ತವೆ.