ಸಣ್ಣ ಪೂರ್ವಭಾವಿ ಅಧ್ಯಯನಕ್ಕೆ ಎಷ್ಟು ಜನ ಬೇಕು?

ಸಂಶೋಧನೆಗೆ ಹೊರಟವರು ಸಂಖ್ಯಾಶಾಸ್ತ್ರ ಬಲ್ಲವರ ಬಳಿಗೆ ಹೋದಾಗ ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಇದೇ: "ನನ್ನ ಅಧ್ಯಯನಕ್ಕೆ ಎಷ್ಟು ಜನರನ್ನು ತೆಗೆದುಕೊಳ್ಳಬೇಕು?" ದೊಡ್ಡ ಅಧ್ಯಯನವಾದರೆ ಇದಕ್ಕೆ ಸಿದ್ಧ ಸೂತ್ರವಿದೆ. ಆದರೆ ದೊಡ್ಡ ಅಧ್ಯಯನಕ್ಕೆ ಮುನ್ನ ನಡೆಸುವ ಸಣ್ಣ ಪೂರ್ವಭಾವಿ ಅಧ್ಯಯನಕ್ಕೆ, ಅಂದರೆ ಎಲ್ಲರೂ ಪೈಲಟ್ ಸ್ಟಡಿ ಎನ್ನುವುದಕ್ಕೆ, ಆ ಸೂತ್ರವನ್ನು ಹಾಕಬಾರದು. ಏಕೆ ಎಂಬುದನ್ನು ಕಾರವಾರ ಮತ್ತು ಅಂಕೋಲೆಯ ಒಂದು ಕಲ್ಪಿತ ಉದಾಹರಣೆಯ ಮೂಲಕ ನೋಡೋಣ. ಅಧ್ಯಯನ ಕಲ್ಪಿತವಾದರೂ ಅದಕ್ಕೆ ಎದುರಾಗುವ ತೊಡಕುಗಳು ಈ ಕರಾವಳಿಯವೇ.

ದೊಡ್ಡ ಅಧ್ಯಯನದ ಲೆಕ್ಕ

ಕಾರವಾರದ ಬೈತಖೋಲ, ಮಾಜಾಳಿ, ಅಂಕೋಲೆಯ ಬೇಲೇಕೇರಿ, ಹಾರವಾಡ ಇಂಥ ಊರುಗಳಲ್ಲಿ ಮೀನು ಮಾರಿ ಬದುಕುವ ಮಹಿಳೆಯರಿದ್ದಾರೆ. ಅವರಲ್ಲಿ ರಕ್ತದೊತ್ತಡಕ್ಕೆ ಮಾತ್ರೆ ಬರೆಸಿಕೊಂಡವರೂ ಇರುತ್ತಾರೆ. ನಸುಕಿಗೇ ಬುಟ್ಟಿ ಹೊತ್ತು ಹೊರಡುವವರಿಗೆ ದಿನವೂ ಮಾತ್ರೆ ನುಂಗುವುದು ತಪ್ಪಿಹೋಗುವುದು ಸಹಜ. ಆಶಾ ಕಾರ್ಯಕರ್ತೆಯೊಬ್ಬರು ವಾರಕ್ಕೊಮ್ಮೆ ಮನೆಗೆ ಬಂದು ಮಾತ್ರೆಯ ನೆನಪು ಮಾಡಿದರೆ ಒತ್ತಡ ಇಳಿಯುತ್ತದೆಯೇ? ನಮ್ಮ ಪ್ರಶ್ನೆ ಇದು. ಅರ್ಧದಷ್ಟು ಮಹಿಳೆಯರಿಗೆ ಈ ಭೇಟಿ ಸಿಗುತ್ತದೆ, ಉಳಿದ ಅರ್ಧಕ್ಕೆ ಎಂದಿನ ಉಪಚಾರ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತೇವೆ.

ವೈದ್ಯರು ಹೇಳುತ್ತಾರೆ: ಮೇಲಿನ ಒತ್ತಡ ಸರಾಸರಿ 5 ಮಿ.ಮೀ. ಇಳಿದರೂ ಅದು ಗಣನೀಯ ಲಾಭ. ಆದರೆ ಒತ್ತಡ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುತ್ತದೆ. ಈ ಏರಿಳಿತದ ಅಳತೆಯನ್ನು ಮಾನಕ ವಿಚಲನೆ ಎನ್ನುತ್ತಾರೆ. ಅದು 15 ಮಿ.ಮೀ. ಎಂದಿಟ್ಟುಕೊಳ್ಳೋಣ. ನಿಜವಾಗಿಯೂ 5 ಮಿ.ಮೀ. ವ್ಯತ್ಯಾಸ ಇದ್ದರೆ, ನಮ್ಮ ಅಧ್ಯಯನ ಅದನ್ನು 100ರಲ್ಲಿ 80 ಸಲವಾದರೂ ಗುರುತಿಸಬೇಕು. ಈ 80ನ್ನೇ ಸಂಖ್ಯಾಶಾಸ್ತ್ರದಲ್ಲಿ ಅಧ್ಯಯನದ ಶಕ್ತಿ, ಅಂದರೆ ಪವರ್, ಎಂದು ಕರೆಯುವುದು. ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿದರೆ ಪ್ರತಿ ಗುಂಪಿಗೆ ಸುಮಾರು 142 ಜನ, ಒಟ್ಟು 284 ಜನ ಬೇಕೆಂದು ಬರುತ್ತದೆ.

ಈಗ ತೊಡಕು ಎಲ್ಲಿದೆ ನೋಡಿ. ಈ ಲೆಕ್ಕದ ಹಿಂದೆ ಹಲವು ಊಹೆಗಳಿವೆ. ಮಹಿಳೆಯರು ಸೇರಲು ಒಪ್ಪುತ್ತಾರೆ, ಮೂರು ತಿಂಗಳ ನಂತರವೂ ಸಿಗುತ್ತಾರೆ, ಒತ್ತಡ ಅಳೆಯಲು ಕೈ ಚಾಚುತ್ತಾರೆ, ಆಶಾ ಕಾರ್ಯಕರ್ತೆಗೆ ವಾರವಾರ ಹೋಗಲು ಬಿಡುವಿರುತ್ತದೆ ಎಂಬುದೆಲ್ಲ ಊಹೆಯೇ. ಇವುಗಳಲ್ಲಿ ಒಂದು ಸುಳ್ಳಾದರೂ 284 ಎಂಬ ಸಂಖ್ಯೆ ಕಾಗದದ ಮೇಲೇ ಉಳಿಯುತ್ತದೆ. ಇವನ್ನು ಮೊದಲೇ ಪರೀಕ್ಷಿಸಿ ನೋಡುವುದು ಪೂರ್ವಭಾವಿ ಅಧ್ಯಯನದ ಕೆಲಸ. ಆಶಾ ಭೇಟಿಯಿಂದ ಲಾಭವಿದೆಯೇ ಎಂಬ ಪ್ರಶ್ನೆ ಅದರದ್ದಲ್ಲ. ಪ್ರಶ್ನೆಯೇ ಬೇರೆಯಾದ ಮೇಲೆ ಮಾದರಿ ಗಾತ್ರದ ಲೆಕ್ಕವೂ ಬೇರೆಯಾಗಬೇಕು.

ಈ ದಾರಿ ನಮ್ಮ ದೇಶಕ್ಕೆ ಹೊಸದೇನಲ್ಲ. ಪಿ.ಸಿ. ಮಹಲನೋಬಿಸ್ ಅವರು 1937ರಲ್ಲಿ ಬಂಗಾಳದ ಸೆಣಬಿನ ಬೆಳೆಯ ಸಮೀಕ್ಷೆಯನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿ, ಹಂತಹಂತವಾಗಿ ಹಿಗ್ಗಿಸಿ, 1941ರ ಹೊತ್ತಿಗೆ ಇಡೀ ಪ್ರಾಂತಕ್ಕೆ ವಿಸ್ತರಿಸಿದರು. ಆರಂಭದ ಹಂತಗಳಲ್ಲಿ ಅವರು ಅಳೆದದ್ದು ಬೆಳೆಯನ್ನು ಮಾತ್ರವಲ್ಲ. ಕೆಲಸಗಾರ ಒಂದು ತಾಕಿನಿಂದ ಇನ್ನೊಂದಕ್ಕೆ ಹೋಗಲು ಹಿಡಿಯುವ ಸಮಯವನ್ನೂ ಕೆಲಸದ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ಕೈಗೆಟಕುವ ಸಂಖ್ಯೆ

ಹಾಗಾದರೆ ನಮ್ಮ ಪೂರ್ವಭಾವಿ ಅಧ್ಯಯನಕ್ಕೆ ಎಷ್ಟು ಜನ? ಮೊದಲು ಕ್ಯಾಲೆಂಡರ್ ನೋಡಬೇಕು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಮೀನು ಮಾರುವವರ ದಿನಚರಿ, ದುಡಿಮೆ, ಆದಾಯ ಎಲ್ಲವೂ ಬದಲಾಗುತ್ತವೆ. ಆದ್ದರಿಂದ ಫೆಬ್ರುವರಿ ಆರಂಭದಿಂದ ಮೇ ಕೊನೆಯವರೆಗಿನ 17 ವಾರಗಳೊಳಗೇ ಕೆಲಸ ಮುಗಿಯಬೇಕು. ಪ್ರತಿಯೊಬ್ಬರನ್ನೂ 12 ವಾರ ಗಮನಿಸಬೇಕಾದ್ದರಿಂದ, ಹೊಸಬರನ್ನು ಸೇರಿಸಿಕೊಳ್ಳಲು ಮೊದಲ 5 ವಾರಗಳು ಮಾತ್ರ ಉಳಿಯುತ್ತವೆ.

ಇನ್ನು ಕೆಲಸಗಾರರು. ಒತ್ತಡ ಅಳೆಯಲು ಕಾರವಾರದಲ್ಲೊಬ್ಬರು, ಅಂಕೋಲೆಯಲ್ಲೊಬ್ಬರು ಇದ್ದಾರೆನ್ನಿ. ಮೀನುಪೇಟೆಯಿಂದ ಮಹಿಳೆಯರು ಮನೆಗೆ ಬರುವುದು ಮಧ್ಯಾಹ್ನ. ಹಾಗಾಗಿ ದಿನಕ್ಕೆ 3 ಮನೆ, ವಾರಕ್ಕೆ 4 ದಿನ ಎಂದರೆ ಇಬ್ಬರೂ ಸೇರಿ ವಾರಕ್ಕೆ 24 ಮನೆಗಳಿಗೆ ಹೋಗಬಲ್ಲರು. 5 ವಾರಕ್ಕೆ 120 ಭೇಟಿ. ಬಾಗಿಲಿಗೆ ಬೀಗ ಹಾಕಿರುವುದು, ಮನೆಯಲ್ಲಿದ್ದೂ ಒಪ್ಪದಿರುವುದು ಎಲ್ಲ ಸೇರಿ ಅರ್ಧದಷ್ಟು ಭೇಟಿಗಳು ಫಲಿಸುವುದಿಲ್ಲ ಎಂದುಕೊಂಡರೆ, ಸೇರುವವರು 60 ಜನ. ಆಮೇಲೆ ಆರನೆಯ ವಾರಕ್ಕೊಮ್ಮೆ, ಹನ್ನೆರಡನೆಯ ವಾರಕ್ಕೊಮ್ಮೆ ಅಳತೆಗೆ ಹೋಗಬೇಕು. ಅದಕ್ಕೆ ವಾರಕ್ಕೆ 12 ಭೇಟಿ ಸಾಕು. ಮೊದಲ ಸಲ ಸಿಗದವರ ಮನೆಗೆ ಮತ್ತೆ ಹೋಗಲು ಉಳಿದ 12 ಕೈಯಲ್ಲಿರುತ್ತವೆ. ಹೀಗೆ 60 ಎಂಬ ಸಂಖ್ಯೆ ಋತು, ಕೆಲಸಗಾರರು ಮತ್ತು ಊರಿನ ದಿನಚರಿಯಿಂದ ಬಂತು.

ಆ ಸಂಖ್ಯೆ ಸಾಕೇ?

ಕೈಗೆಟಕಿತೆಂದ ಮಾತ್ರಕ್ಕೆ ಅದು ಸಾಲುತ್ತದೆ ಎನ್ನಲಾಗದು. ಪೂರ್ವಭಾವಿ ಅಧ್ಯಯನ ಉತ್ತರಿಸಬೇಕಾದ ಪ್ರಶ್ನೆಗಳಿಗೆ 60 ಜನರಿಂದ ಎಷ್ಟು ನಿಖರ ಉತ್ತರ ಬರುತ್ತದೆಂದು ಪರಿಶೀಲಿಸಬೇಕು.

ಮುಖ್ಯ ಪ್ರಶ್ನೆ, 12 ವಾರಗಳ ಕೊನೆಗೆ ಎಷ್ಟು ಜನ ಉಳಿಯುತ್ತಾರೆ ಎಂಬುದು. 60ರಲ್ಲಿ 48 ಜನ, ಅಂದರೆ ಶೇಕಡಾ 80ರಷ್ಟು ಉಳಿದರೆ, ನಿಜವಾದ ಪ್ರಮಾಣ ಸುಮಾರು 70 ಮತ್ತು 90ರ ನಡುವೆ ಇದೆ ಎನ್ನಬಹುದು. ಇಷ್ಟು ತಿಳಿದರೆ ಯೋಜನೆ ಮಾಡಲು ಸಾಕು. ಬರೀ 12 ಜನರನ್ನಿಟ್ಟುಕೊಂಡರೆ ಈ ಅಂತರ 80ರ ಆಚೀಚೆ 20ಕ್ಕೂ ಹೆಚ್ಚು ಹಿಗ್ಗುತ್ತದೆ. ಅದರಿಂದ ಏನೂ ತೀರ್ಮಾನಿಸಲಾಗದು. 120 ಜನರನ್ನು ತೆಗೆದುಕೊಂಡರೆ ಆಚೀಚೆ 10 ಇದ್ದದ್ದು 7ಕ್ಕೆ ಇಳಿಯುತ್ತದೆ, ಅಷ್ಟೇ. ಶ್ರಮ ಎರಡು ಪಟ್ಟಾದರೂ ತಿಳಿವು ಹೆಚ್ಚುವುದು ಅಲ್ಪ.

ಎರಡನೆಯದು ಕಾಣದ ತೊಂದರೆಗಳು. ಕಾರವಾರದಲ್ಲಿ ಹಲವರ ಮನೆಮಾತು ಕೊಂಕಣಿ. ಪ್ರಶ್ನಾವಳಿಯ ಕನ್ನಡ ಅವರಿಗೆ ಅರ್ಥವಾಗದಿರಬಹುದು. ಪೇಟೆಯಲ್ಲಿ ಅಕ್ಕಪಕ್ಕ ಕೂರುವ ಇಬ್ಬರು ಬೇರೆಬೇರೆ ಗುಂಪಿನವರಾದರೆ, ಆಶಾ ಕಾರ್ಯಕರ್ತೆ ಒಬ್ಬರಿಗೆ ಹೇಳಿದ ಮಾತು ಮಧ್ಯಾಹ್ನದೊಳಗೆ ಇನ್ನೊಬ್ಬರಿಗೂ ತಲುಪಿರುತ್ತದೆ. 20ರಲ್ಲಿ ಒಬ್ಬರಿಗೆ ಬರುವಂಥ ತೊಂದರೆ 60 ಜನರಲ್ಲಿ ಒಮ್ಮೆಯಾದರೂ ಕಣ್ಣಿಗೆ ಬೀಳುವ ಸಾಧ್ಯತೆ ಶೇಕಡಾ 95. ಬರೀ 12 ಜನರಲ್ಲಾದರೆ ಅರ್ಧಕ್ಕಿಂತ ಕಡಿಮೆ.

ಇದರ ಜೊತೆಗೆ, ಅಧ್ಯಯನ ಆರಂಭಿಸುವ ಮೊದಲೇ ತೀರ್ಪಿನ ಗೆರೆಗಳನ್ನು ಬರೆದಿಡಬೇಕು. ಉದಾಹರಣೆಗೆ, ಶೇಕಡಾ 80 ಅಥವಾ ಹೆಚ್ಚು ಜನ ಉಳಿದರೆ ದೊಡ್ಡ ಅಧ್ಯಯನಕ್ಕೆ ಹೋಗುವುದು. 65ರಿಂದ 80ರೊಳಗಾದರೆ ವಿಧಾನ ತಿದ್ದಿಕೊಂಡು ಹೋಗುವುದು. 65ಕ್ಕಿಂತ ಕಡಿಮೆಯಾದರೆ ನಿಲ್ಲಿಸುವುದು. ನಿಜವಾದ ಪ್ರಮಾಣ 65 ಮಾತ್ರ ಇದ್ದಾಗ, ಅದೃಷ್ಟವಶಾತ್ 60ರಲ್ಲಿ 48 ಜನ ಉಳಿದು ನಮ್ಮನ್ನು ಮೋಸಗೊಳಿಸುವ ಸಂಭವ 100ಕ್ಕೆ ಸುಮಾರು 1. ಆದರೆ 12 ಜನರ ಅಧ್ಯಯನದಲ್ಲಿ 10 ಜನ ಉಳಿದು ಇಂಥ ಮೋಸವಾಗುವ ಸಂಭವ 100ಕ್ಕೆ ಸುಮಾರು 15.

ಲಾಭವನ್ನೂ ಅಲ್ಲೇ ಅಳೆದರಾಗದೇ?

ಇಲ್ಲಿ ನಿಮಗೊಂದು ಆಸೆ ಹುಟ್ಟಬಹುದು: "60 ಜನರ ಒತ್ತಡ ಹೇಗೂ ಅಳೆದಿದ್ದೇವೆ. ಎರಡು ಗುಂಪುಗಳ ವ್ಯತ್ಯಾಸವನ್ನೂ ನೋಡಿಬಿಡೋಣ." ಪ್ರತಿ ಗುಂಪಿಗೆ 30 ಜನ ಪೂರ್ತಿ ಉಳಿದರೂ, ನಿಜವಾದ 5 ಮಿ.ಮೀ. ವ್ಯತ್ಯಾಸವನ್ನು ಈ ಅಧ್ಯಯನ ಗುರುತಿಸುವ ಸಂಭವ 4ರಲ್ಲಿ 1 ಮಾತ್ರ. ಕಂಡ ವ್ಯತ್ಯಾಸದ ಆಚೀಚೆ ಸುಮಾರು 7.6 ಮಿ.ಮೀ. ಅನಿಶ್ಚಿತತೆ ಇರುತ್ತದೆ. ಅಂದರೆ 5 ಎಂದು ಕಂಡದ್ದು 12.6ರಷ್ಟು ದೊಡ್ಡ ಲಾಭವೂ ಆಗಿರಬಹುದು, 2.6ರಷ್ಟು ನಷ್ಟವೂ ಆಗಿರಬಹುದು.

ಇದಕ್ಕಿಂತ ಅಪಾಯಕರವಾದದ್ದು, ಹೀಗೆ ಕಂಡ ವ್ಯತ್ಯಾಸವನ್ನೇ ಹಿಡಿದು ದೊಡ್ಡ ಅಧ್ಯಯನದ ಗಾತ್ರ ನಿರ್ಧರಿಸುವುದು. ಆಕಸ್ಮಿಕವಾಗಿ 10 ಮಿ.ಮೀ. ವ್ಯತ್ಯಾಸ ಕಂಡಿತೆನ್ನಿ. ಸೂತ್ರಕ್ಕೆ 10 ಹಾಕಿದರೆ ಪ್ರತಿ ಗುಂಪಿಗೆ 36 ಜನ ಸಾಕೆಂದು ಬರುತ್ತದೆ. ನಿಜವಾದ ವ್ಯತ್ಯಾಸ 5 ಆಗಿದ್ದರೆ ಆ ಅಧ್ಯಯನ ಅದನ್ನು ಹಿಡಿಯುವುದು 10ರಲ್ಲಿ 3 ಸಲ ಮಾತ್ರ. ಆಗ ಒಳ್ಳೆಯದೊಂದು ಉಪಾಯ ನಿಷ್ಪ್ರಯೋಜಕ ಎಂಬ ಹಣೆಪಟ್ಟಿ ಹೊತ್ತು ಮೂಲೆ ಸೇರುತ್ತದೆ. ಪೂರ್ವಭಾವಿ ಹಂತದಲ್ಲಿ ವ್ಯತ್ಯಾಸ ಸೊನ್ನೆ ಎಂದು ಕಂಡು ಕೆಲಸವನ್ನೇ ಕೈಬಿಟ್ಟರೂ ಗತಿ ಅದೇ. ಆದ್ದರಿಂದ 5 ಎಂಬ ಅಂಕಿ ರೋಗಿಗೆ ಎಷ್ಟು ಇಳಿದರೆ ಉಪಯೋಗ ಎಂಬ ವೈದ್ಯಕೀಯ ವಿವೇಚನೆಯಿಂದಲೇ ಬರಬೇಕು.

ಒತ್ತಡದ ಅಳತೆಗಳಿಂದ ಎರವಲು ಪಡೆಯಬಹುದಾದ ಒಂದು ಅಂಕಿ ಮಾನಕ ವಿಚಲನೆ. ಅದನ್ನೂ ಎಚ್ಚರದಿಂದ ಬಳಸಬೇಕು. 60 ಜನರಲ್ಲಿ 15 ಎಂದು ಕಂಡರೆ, ನಿಜವಾದದ್ದು ಸುಮಾರು 12.7ರಿಂದ 18.3ರ ನಡುವೆ ಎಲ್ಲಾದರೂ ಇರಬಹುದು. ಮೊದಲನೆಯದಕ್ಕೆ ಪ್ರತಿ ಗುಂಪಿಗೆ ಸುಮಾರು 100 ಜನ ಸಾಕು, ಎರಡನೆಯದಕ್ಕೆ 210 ಬೇಕು. ಹಾಗಾಗಿ ಯೋಜನೆಯಲ್ಲಿ 15ನ್ನೇ ನೆಚ್ಚಿಕೊಳ್ಳದೆ ಸ್ವಲ್ಪ ಮೇಲಿನ ಅಂಕಿಯನ್ನು ಹಿಡಿಯುವುದು ಕ್ಷೇಮ.

ಕೊನೆಗೆ ಕೈಗೆ ಬರುವುದೇನು?

ಪೂರ್ವಭಾವಿ ಅಧ್ಯಯನ ಮುಗಿಯಿತು, 48 ಜನ ಉಳಿದರು, ಭೇಟಿ ಕೊಟ್ಟ ಮನೆಗಳಲ್ಲಿ ಅರ್ಧದಷ್ಟು ಫಲಿಸಿದವು ಎನ್ನೋಣ. ಈಗ 284 ಜನ ಕೊನೆಯವರೆಗೆ ಉಳಿಯಬೇಕಾದರೆ ಆರಂಭದಲ್ಲಿ 355 ಜನರನ್ನು ಸೇರಿಸಿಕೊಳ್ಳಬೇಕು. ಅದಕ್ಕೆ 710 ಭೇಟಿಗಳು ಬೇಕು. ಇಬ್ಬರು ಕೆಲಸಗಾರರು ಒಂದು ಋತುವಿನಲ್ಲಿ ಇದಕ್ಕಾಗಿ ಮಾಡಬಲ್ಲದ್ದು 120. ಅಂದರೆ ಒಂದೇ ಋತುವಿನಲ್ಲಿ ಮುಗಿಸಲು 12 ಕೆಲಸಗಾರರು ಬೇಕು, ಇಲ್ಲವೇ ಇಬ್ಬರನ್ನೇ ಇಟ್ಟುಕೊಂಡು 6 ವರ್ಷ ನಡೆಸಬೇಕು. ಎರಡೂ ಆಗದಿದ್ದರೆ ಕುಮಟಾ, ಹೊನ್ನಾವರಗಳನ್ನೂ ಸೇರಿಸಿಕೊಂಡು ಅಲ್ಲಿನ ಜನರ ನೆರವು ಕೇಳಬೇಕು. ಪೇಟೆಯಲ್ಲಿ ಮಾತು ಹರಡಿದ್ದು ಕಂಡುಬಂದಿದ್ದರೆ, ಒಬ್ಬೊಬ್ಬರಿಗೆ ಚೀಟಿ ಎತ್ತುವ ಬದಲು ಇಡೀ ಪೇಟೆಗೊಂದು ಚೀಟಿ ಎತ್ತಬೇಕಾಗುತ್ತದೆ. ಆಗ ಬೇಕಾಗುವ ಜನರ ಸಂಖ್ಯೆ ಇನ್ನೂ ಹೆಚ್ಚುತ್ತದೆ.

ನೀವು ಇಂಥ ಯೋಜನೆ ಬರೆಯುವವರಾದರೆ, ಮಾದರಿ ಗಾತ್ರದ ಜಾಗದಲ್ಲಿ "ಇದು ಪೂರ್ವಭಾವಿ ಅಧ್ಯಯನ, ಆದ್ದರಿಂದ ಲೆಕ್ಕ ಮಾಡಿಲ್ಲ" ಎಂದಷ್ಟೇ ಬರೆದು ಬಿಡಬೇಡಿ. ಎಷ್ಟು ವಾರ, ಎಷ್ಟು ಕೆಲಸಗಾರರು, ಎಷ್ಟು ಭೇಟಿ ಎಂಬ ಲೆಕ್ಕ ಕೊಡಿ. ಆ ಸಂಖ್ಯೆಯಿಂದ ಉಳಿಯುವವರ ಪ್ರಮಾಣ ಎಷ್ಟು ನಿಖರವಾಗಿ ತಿಳಿಯುತ್ತದೆಂದು ಹೇಳಿ. ತೀರ್ಪಿನ ಗೆರೆಗಳನ್ನು ಬರೆಯಿರಿ. ಮುಗಿದ ಪೂರ್ವಭಾವಿ ಅಧ್ಯಯನವೊಂದರ ವರದಿ ನಿಮ್ಮ ಕೈಗೆ ಬಂದರೆ ಮೊದಲು ಅದರ ಸಾರಾಂಶ ಓದಿ. "ಒತ್ತಡ ಗಣನೀಯವಾಗಿ ಇಳಿಯಿತು" ಎಂದಷ್ಟೇ ಹೇಳಿ, ಎಷ್ಟು ಜನರನ್ನು ಕೇಳಿದರು, ಎಷ್ಟು ಜನ ಒಪ್ಪಿದರು, ಎಷ್ಟು ಜನ ಉಳಿದರು ಎಂಬುದನ್ನು ಅದು ಬಿಟ್ಟಿದ್ದರೆ, ದೊಡ್ಡ ಅಧ್ಯಯನವನ್ನು ಯೋಜಿಸಲು ಆ ವರದಿಯಿಂದ ನಿಮಗೆ ಸಿಗುವುದು ಬಹಳ ಕಡಿಮೆ.