ಅಸಲು ಬಂದ ಮೇಲೂ ಓಡಬೇಕಾದ ಯಂತ್ರ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಕ್ಕೆ ಬರಲಿ, ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ಸಣ್ಣ ಶೆಡ್ಡಿಗೆ ಬರಲಿ, ಸೋಲಾರ್ ಕೊಟೇಷನ್‌ನಲ್ಲಿ ದಪ್ಪಕ್ಷರದ ಸಾಲೊಂದು ಇದ್ದೇ ಇರುತ್ತದೆ: ಇಷ್ಟು ವರ್ಷದಲ್ಲಿ ನಿಮ್ಮ ದುಡ್ಡು ವಾಪಸ್. ಲೆಕ್ಕ ಸುಲಭ. ಹಾಕಿದ ಬಂಡವಾಳವನ್ನು ವರ್ಷದ ಉಳಿತಾಯದಿಂದ ಭಾಗಿಸಿದರೆ ಸಿಗುವುದೇ ಪೇಬ್ಯಾಕ್ ಅವಧಿ. ಸುಲಭವಾಗಿರುವುದರಿಂದಲೇ ಅದು ಎಲ್ಲರ ಬಾಯಲ್ಲಿದೆ. ಆದರೆ ಈ ಲೆಕ್ಕ ಯಂತ್ರದ ಮೊದಲ ಆರೇಳು ವರ್ಷಗಳನ್ನಷ್ಟೇ ನೋಡುತ್ತದೆ, ಯಂತ್ರ ಇಪ್ಪತ್ತೈದು ವರ್ಷ ಓಡಬೇಕಾದದ್ದು.

ಒಂದು ಕಾಲ್ಪನಿಕ ಘಟಕವನ್ನು ತೆಗೆದುಕೊಳ್ಳೋಣ. ಶಿಡ್ಲಘಟ್ಟದ ರೀಲರ್ ಒಬ್ಬರು ಚಾವಣಿಯ ಮೇಲೆ 20 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕೆಂದಿದ್ದಾರೆ. ಖರ್ಚು 10 ಲಕ್ಷ ಎಂದಿಟ್ಟುಕೊಳ್ಳಿ. ನಮ್ಮ ಬಯಲುಸೀಮೆಯ ಬಿಸಿಲಿಗೆ ಒಂದು ಕಿಲೋವ್ಯಾಟ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ, ಅಂದರೆ ಒಟ್ಟು 28,000 ಯೂನಿಟ್. ಯೂನಿಟ್‌ಗೆ 6.10 ರೂಪಾಯಿಯಂತೆ ಉಳಿಯುವುದು 1,70,800. ಧೂಳು ತೊಳೆಯಲು, ನೋಡಿಕೊಳ್ಳಲು 10,000 ಕಳೆದರೆ 1,60,800. ಹತ್ತು ಲಕ್ಷ ಆರು ವರ್ಷ ಮೂರು ತಿಂಗಳ ಹೊತ್ತಿಗೆ ವಾಪಸ್ ಬರುತ್ತದೆ.

6.10 ಎಂಬ ದರವನ್ನು ನಾನು ಸುಮ್ಮನೆ ಆರಿಸಿಲ್ಲ. ಸಣ್ಣ ಕೈಗಾರಿಕೆಗಳ ಎಲ್‌ಟಿ ಸಂಪರ್ಕಕ್ಕೆ ಇದ್ದ ಆ ದರವನ್ನು 2025ರ ಮಾರ್ಚ್‌ನ ಆದೇಶದಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 4.50ಕ್ಕೆ ಇಳಿಸಿತು. ತೆರಿಗೆ, ಸರ್ಚಾರ್ಜ್ ಬೇರೆ. ಅವನ್ನು ಇಲ್ಲಿ ಬದಿಗಿಟ್ಟಿದ್ದೇನೆ. ಬೆಸ್ಕಾಂ ಬಿಲ್ಲು ಇಳಿದರೆ ರೀಲರ್‌ಗೆ ಖುಷಿಯೇ, ಚಾವಣಿಯ ಮೇಲಿನ ಯಂತ್ರಕ್ಕೆ ಮಾತ್ರ ನಷ್ಟ. ಅದು ಉಳಿಸುವ ಪ್ರತಿ ಯೂನಿಟ್ಟಿನ ಬೆಲೆ ಕುಸಿಯಿತು. ವರ್ಷದ ನಿವ್ವಳ ಉಳಿತಾಯ 1,16,000ಕ್ಕೆ ಇಳಿದು, ಆರು ವರ್ಷದ ಪೇಬ್ಯಾಕ್ ಎಂಟೂವರೆ ದಾಟುತ್ತದೆ. ಕೊಟೇಷನ್ ಬರೆಯುವವರು ಸಾಮಾನ್ಯವಾಗಿ ದರ ವರ್ಷವರ್ಷವೂ ಏರುತ್ತದೆಂದು ಊಹಿಸಿಕೊಳ್ಳುತ್ತಾರೆ. ಇಳಿಯಲೂಬಹುದು ಎಂಬುದಕ್ಕೆ ಈ ಆದೇಶವೇ ಸಾಕ್ಷಿ. ಲೋಡಿನ ಮೇಲೆ ಕಟ್ಟುವ ಫಿಕ್ಸೆಡ್ ಚಾರ್ಜ್ ಅಂತೂ ಸೋಲಾರ್ ಹಾಕಿದ್ದಕ್ಕೆ ಕಡಿಮೆಯಾಗುವುದಿಲ್ಲ. ಆದ್ದರಿಂದ ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಿ ದರ ಹೇಳಿದರೆ ನಂಬಬೇಡಿ.

ಡೀಸೆಲ್ ಜನರೇಟರ್‌ನ ಖರ್ಚನ್ನೂ ಉಳಿತಾಯಕ್ಕೆ ಸೇರಿಸುವ ಕೊಟೇಷನ್‌ಗಳುಂಟು. ಬ್ಯಾಟರಿ ಇಲ್ಲದೆ ಗ್ರಿಡ್‌ಗೆ ಜೋಡಿಸಿದ ಮಾಮೂಲಿ ಇನ್ವರ್ಟರ್, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಚಾವಣಿಯ ಕರೆಂಟ್ ಹೊಡೆಯಬಾರದೆಂದೇ ಹಾಗೆ ಮಾಡಿರುವುದು. ನೆತ್ತಿಯ ಮೇಲೆ ಸುಡುಬಿಸಿಲಿದ್ದರೂ ಕರೆಂಟ್ ಇಲ್ಲದಾಗ ಜನರೇಟರ್ ಹಾಕಲೇಬೇಕು. ಗೂಡು ಬೇಯಿಸುವ ಸೌದೆ, ಬಾಯ್ಲರ್‌ನ ಖರ್ಚೂ ಹಾಗೆಯೇ ಉಳಿಯುತ್ತದೆ, ಏಕೆಂದರೆ ಪ್ಯಾನೆಲ್ ಉಳಿಸುವುದು ಮೋಟಾರು, ದೀಪ, ಫ್ಯಾನ್‌ಗಳ ವಿದ್ಯುತ್ತನ್ನು ಮಾತ್ರ.

ಇನ್ನು ಬಡ್ಡಿಯ ವಿಷಯ. ಆರು ವರ್ಷದ ನಂತರ ಬರುವ ರೂಪಾಯಿ ಇಂದಿನ ರೂಪಾಯಿಗೆ ಸಮವಲ್ಲ ಎಂದು ಗೂಡು ಮಾರುಕಟ್ಟೆಯಲ್ಲಿ ವ್ಯವಹರಿಸುವವರಿಗೆ ಯಾರೂ ಕಲಿಸಬೇಕಿಲ್ಲ. ಡಿಸ್ಕೌಂಟೆಡ್ ಪೇಬ್ಯಾಕ್ ಆ ತಿಳಿವಳಿಕೆಯನ್ನೇ ಲೆಕ್ಕಕ್ಕೆ ತರುತ್ತದೆ. ಶೇ. 10ರ ದರ ಹಿಡಿದರೆ ಮುಂದಿನ ವರ್ಷದ 1,60,800 ಇಂದಿಗೆ ಸುಮಾರು 1,46,000, ಹತ್ತನೇ ವರ್ಷದ್ದು ಕೇವಲ 62,000. ಹೀಗೆ ಕುಗ್ಗಿಸಿ ಕೂಡುತ್ತಾ ಹೋದರೆ ಹತ್ತು ಲಕ್ಷ ತುಂಬಲು ಹತ್ತು ವರ್ಷ ದಾಟಬೇಕು. ದರ 4.50 ಆದರೆ ಅದೇ ಲೆಕ್ಕ ಸುಮಾರು ಇಪ್ಪತ್ತೊಂದು ವರ್ಷಕ್ಕೆ ಜಿಗಿಯುತ್ತದೆ. ಸಾದಾ ಪೇಬ್ಯಾಕ್ ಎರಡೂವರೆ ವರ್ಷವಷ್ಟೇ ಹಿಗ್ಗಿದಾಗ ಇದು ಇಮ್ಮಡಿಯಾಯಿತು.

ಹಾಗಾದರೆ ಎರಡನೆಯದು ಸಾಕಲ್ಲವೇ? ಸಾಲದು. ಅದೂ ಅಸಲು ತುಂಬಿದ ಗಳಿಗೆಯಲ್ಲೇ ಪುಸ್ತಕ ಮುಚ್ಚಿಬಿಡುತ್ತದೆ. ಮುಂದೆ ಯಂತ್ರಕ್ಕೆ ಏನಾಗುತ್ತದೆ ಎಂಬುದು ಅದಕ್ಕೆ ಬೇಡ.

ಆಗುವುದು ಇಷ್ಟು. ಪ್ಯಾನೆಲ್‌ನೊಳಗಿನ ಸಿಲಿಕಾನ್‌ನಲ್ಲಿ ತಿರುಗುವ ಭಾಗವಿಲ್ಲ, ಸವೆಯುವಂಥದ್ದು ಕಡಿಮೆ. ಆದರೂ ಬಿಸಿಲು, ತೇವ, ಹಗಲು ರಾತ್ರಿಯ ಹಿಗ್ಗು ಕುಗ್ಗಿನಿಂದ ವರ್ಷಕ್ಕೆ ಸುಮಾರು ಅರ್ಧ ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. ಇನ್ವರ್ಟರ್‌ನ ಕಥೆ ಬೇರೆ. ಒಳಗಿನ ಕೆಪಾಸಿಟರ್‌ಗಳು ಬಿಸಿಗೆ ಒಣಗುತ್ತವೆ, ಫ್ಯಾನ್ ಧೂಳು ಕಟ್ಟಿಕೊಳ್ಳುತ್ತದೆ. ಸಾಮಾನ್ಯವಾಗಿ ಹತ್ತು ಹದಿನೈದು ವರ್ಷದೊಳಗೆ ಬದಲಿಸಬೇಕು. ನಮ್ಮ ಘಟಕದಲ್ಲಿ ಹನ್ನೆರಡನೇ ವರ್ಷ 1.2 ಲಕ್ಷ ಕೊಟ್ಟು ಹೊಸದು ಹಾಕಿಸಿದರು ಎನ್ನಿ. 6.10ರ ದರದಲ್ಲಿ ಎರಡೂ ಪೇಬ್ಯಾಕ್‌ಗಳು ಅಷ್ಟರಲ್ಲಿ ಮುಗಿದಿರುತ್ತವೆ, ಹಾಗಾಗಿ ಈ ಖರ್ಚು ಯಾವುದರಲ್ಲೂ ಕಾಣುವುದಿಲ್ಲ. 25 ವರ್ಷದ ಉಳಿತಾಯವನ್ನೆಲ್ಲ ಇಂದಿನ ಬೆಲೆಗೆ ತಂದು, ಇನ್ವರ್ಟರ್ ಖರ್ಚನ್ನೂ ಹಾಗೆಯೇ ತಂದು, ಮೊದಲ ಹತ್ತು ಲಕ್ಷ ಕಳೆದರೆ ಉಳಿಯುವುದು ನಿವ್ವಳ ಇಂದಿನ ಮೌಲ್ಯ. ಪ್ಯಾನೆಲ್ ಸವಕಳಿಯನ್ನೂ ಸೇರಿಸಿದರೆ 6.10ರಲ್ಲಿ ಅದು ಸುಮಾರು 3.65 ಲಕ್ಷ ಲಾಭ. 4.50ರಲ್ಲಿ ಸುಮಾರು 27,000 ನಷ್ಟ. ಸವಕಳಿಯನ್ನೂ ಹೊಸ ಇನ್ವರ್ಟರನ್ನೂ ಮರೆತ ಡಿಸ್ಕೌಂಟೆಡ್ ಪೇಬ್ಯಾಕ್ ಇಪ್ಪತ್ತೊಂದು ವರ್ಷದಲ್ಲಿ ವಾಪಸ್ ಎಂದಿದ್ದ ಹೂಡಿಕೆ ಇದೇ.

ಇನ್ನೂ ದೊಡ್ಡ ಅಪಾಯ ಎರಡು ಕೊಟೇಷನ್ ಪಕ್ಕಪಕ್ಕ ಇಟ್ಟಾಗ. ಎರಡನೇ ವ್ಯಾಪಾರಿ ಅಷ್ಟೇ ಯೂನಿಟ್ ಕೊಡುವ ಘಟಕವನ್ನು 8 ಲಕ್ಷಕ್ಕೆ ಕೊಡುತ್ತಾನೆ. 6.10ರ ದರಕ್ಕೆ ಸಾದಾ ಪೇಬ್ಯಾಕ್ ಐದು ವರ್ಷ, ಬಡ್ಡಿ ಹಿಡಿದದ್ದು ಏಳು ಚಿಲ್ಲರೆ. ಎರಡು ಅಳತೆಯಲ್ಲೂ ಅಗ್ಗದ್ದೇ ಗೆದ್ದಿತು. ಆದರೆ ಆ ಪ್ಯಾನೆಲ್‌ಗಳ ಹಿಂಬದಿಯ ಹಾಳೆ ಬಿರುಕುಬಿಟ್ಟು, ತೇವ ಒಳಗಿಳಿದು, ಹತ್ತೇ ವರ್ಷಕ್ಕೆ ಕೈಕೊಟ್ಟರೆ? ಆಗ ಇಂದಿನ ಬೆಲೆಯಲ್ಲಿ ಸಿಗುವ ಲಾಭ 1.9 ಲಕ್ಷ ಮೀರುವುದಿಲ್ಲ, ದುಬಾರಿಯದ್ದರ ಅರ್ಧ. ಐದನೇ ವರ್ಷವೇ ಲೆಕ್ಕ ನಿಲ್ಲಿಸುವವನಿಗೆ ಹತ್ತು ವರ್ಷ ಬಾಳುವುದಕ್ಕೂ ಇಪ್ಪತ್ತೈದು ವರ್ಷ ಬಾಳುವುದಕ್ಕೂ ವ್ಯತ್ಯಾಸವೇ ಕಾಣದು. ಕೈಕೊಡುವ ಸೂಚನೆ ಮೊದಲೇ ಸಿಗುತ್ತದೆ: ಇನ್ವರ್ಟರ್‌ನ ಪರದೆಯಲ್ಲಿ ತೋರುವ ತಿಂಗಳ ಯೂನಿಟ್‌ಗಳನ್ನು ಬರೆದಿಟ್ಟು, ಕಳೆದ ವರ್ಷದ ಅದೇ ತಿಂಗಳಿಗೆ ಹೋಲಿಸಿ. ತೊಳೆದ ಮೇಲೂ, ಬಿಸಿಲು ಚೆನ್ನಾಗಿದ್ದ ಫೆಬ್ರುವರಿ ಮಾರ್ಚ್‌ಗಳಲ್ಲೂ ವರ್ಷವರ್ಷ ಮೂರು ನಾಲ್ಕು ಶೇಕಡಾ ಇಳಿಯುತ್ತಿದ್ದರೆ ಅದು ಧೂಳಿನ ತಪ್ಪಲ್ಲ.

ಪೇಬ್ಯಾಕ್ ಅನ್ನು ಪೂರ್ತಿ ಎಸೆಯಬೇಕೆಂದು ನಾನು ಹೇಳುವುದಿಲ್ಲ. ಗೂಡಿನ ಬೆಲೆ ವಾರಕ್ಕೊಂದು ರೀತಿ ಆಡುವ ಊರಿನಲ್ಲಿ ದುಡ್ಡು ಎಷ್ಟು ಕಾಲ ಸಿಕ್ಕಿಕೊಂಡಿರುತ್ತದೆ ಎಂಬುದು ನಿಜವಾದ ಪ್ರಶ್ನೆ. ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಗೂಡು ಕೊಳ್ಳಲು ಕೈಸಾಲ ತರುವವರಿಗೆ ಶೇ. 10 ಎಂಬ ದರವೇ ಅನ್ವಯಿಸದು. ಅವರ ದುಡ್ಡಿಗೆ ಶೇ. 18 ಬೆಲೆಯಿದ್ದರೆ, 6.10ರ ದರದಲ್ಲೂ ನಮ್ಮ ಹತ್ತು ಲಕ್ಷ ಇಪ್ಪತ್ತೈದು ವರ್ಷದಲ್ಲಿ ತುಂಬುವುದಿಲ್ಲ. ಚಾವಣಿಗೆ ಹಾಕುವ ದುಡ್ಡು ಗೂಡಿನ ದುಡ್ಡಿನಿಂದ ಬರಬಾರದು, ಬ್ಯಾಂಕಿನ ಸಾಲದಿಂದ ಬರಬೇಕು ಅನ್ನುವುದು ಇದಕ್ಕೇ.

ಆದರೆ ಸಾಲಕ್ಕೂ ತನ್ನದೇ ಕ್ಯಾಲೆಂಡರ್ ಇದೆ. ಹತ್ತು ಲಕ್ಷವನ್ನು ಶೇ. 10ರಂತೆ ಐದು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 21,250. ಯಂತ್ರ ಉಳಿಸುವುದು ಹಳೆಯ ದರದಲ್ಲಿ ತಿಂಗಳಿಗೆ 13,400, ಹೊಸ ದರದಲ್ಲಿ 9,700ಕ್ಕೂ ಕಡಿಮೆ. ಐದು ವರ್ಷ ಪ್ರತಿ ತಿಂಗಳೂ ಎಂಟರಿಂದ ಹನ್ನೊಂದೂವರೆ ಸಾವಿರ ರೂಪಾಯಿಯನ್ನು ನೂಲಿನ ಆದಾಯದಿಂದಲೇ ತುಂಬಬೇಕು. ಗೂಡು ಬರದೆ ಘಟಕ ಮುಚ್ಚಿದ ತಿಂಗಳಲ್ಲೂ ಕಂತು ಕಟ್ಟಲೇಬೇಕು. ಆ ತಿಂಗಳು ಪ್ಯಾನೆಲ್ ಕೊಟ್ಟ ಕರೆಂಟೆಲ್ಲ ಲೈನಿಗೆ ಹೋಗುತ್ತದೆ, ಬೆಸ್ಕಾಂ ಒಪ್ಪಂದದ ದರದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಆ ದರ ಎಷ್ಟೆಂದು ಸಹಿ ಹಾಕುವ ಮೊದಲೇ ಒಪ್ಪಂದದಲ್ಲಿ ನೋಡಿಕೊಳ್ಳಬೇಕು.