ಚಿನ್ನದ ‘ಸರಿಯಾದ ಬೆಲೆ’ ಹೇಳುವ ಗೆರೆ ಎಲ್ಲಿ ತಪ್ಪಿತು?

ಚಿನ್ನದ ದರ ಜಿಗಿದಾಗಲೆಲ್ಲ ಯಾವುದೋ ಬ್ಯಾಂಕಿನ ಅಥವಾ ಬ್ರೋಕರೇಜ್ ಸಂಸ್ಥೆಯ ವರದಿ ಸುದ್ದಿಯಾಗುತ್ತದೆ: ‘ಚಿನ್ನ ತನ್ನ ಫೇರ್ ವ್ಯಾಲ್ಯೂಗಿಂತ ಇಷ್ಟು ಡಾಲರ್ ದುಬಾರಿಯಾಗಿದೆ’ ಎಂದು. ಅಂಕಿ ಖಚಿತವಾಗಿರುವುದರಿಂದ ಓದಿದವರು ನಂಬುತ್ತಾರೆ. ಆದರೆ ಆ ಅಂಕಿ ಬಂದದ್ದು ಎಲ್ಲಿಂದ? ಕಂಪನಿಯ ಷೇರಿಗೆ ಲಾಭವಿದೆ, ಮನೆಗೆ ಬಾಡಿಗೆಯಿದೆ, ಅವುಗಳ ಮೇಲೆ ಬೆಲೆ ಕಟ್ಟಬಹುದು. ಲಾಕರಿನಲ್ಲಿಟ್ಟ ಚಿನ್ನ ಹತ್ತು ವರ್ಷ ಬಿಟ್ಟು ನೋಡಿದರೂ ಅಷ್ಟೇ ಗ್ರಾಂ ಇರುತ್ತದೆ. ಆದಾಯವೇ ಇಲ್ಲದ ವಸ್ತುವಿಗೆ ‘ಸರಿಯಾದ ಬೆಲೆ’ ಹೇಳಬೇಕಾದರೆ ಬೇರೊಂದನ್ನು ಅಳತೆಗೋಲಾಗಿ ಹಿಡಿಯಬೇಕು. ಹೆಚ್ಚಾಗಿ ಹಿಡಿಯುವುದು ಎರಡನ್ನು: ನೈಜ ಬಡ್ಡಿ ಮತ್ತು ಗಣಿಯ ಉತ್ಪಾದನಾ ವೆಚ್ಚ.

ನೈಜ ಬಡ್ಡಿ ಎಂದರೆ ಹಣದುಬ್ಬರ ಕಳೆದು ಉಳಿಯುವ ಬಡ್ಡಿ. ಅಮೆರಿಕ ಸರ್ಕಾರ 1997ರಿಂದ ‘ಟಿಪ್ಸ್’ ಎಂಬ ಬಾಂಡ್‌ಗಳನ್ನು ಹೊರಡಿಸುತ್ತಿದೆ. ಹಣದುಬ್ಬರಕ್ಕೆ ತಕ್ಕಂತೆ ಇವುಗಳ ಅಸಲೇ ಹೆಚ್ಚುತ್ತದೆ, ಹಾಗಾಗಿ ಇವುಗಳ ಇಳುವರಿಯನ್ನೇ ನೈಜ ಬಡ್ಡಿ ಎಂದು ನೇರವಾಗಿ ಓದಬಹುದು. ತರ್ಕ ಸರಳ. ಯಾವ ಅಪಾಯವೂ ಇಲ್ಲದೆ ಬೆಲೆಯೇರಿಕೆಯ ಮೇಲೆ ಶೇ 2ರಷ್ಟು ಸಿಗುತ್ತದೆ ಎಂದಾದರೆ ಬಡ್ಡಿ ತಾರದ ಚಿನ್ನವನ್ನು ಇಟ್ಟುಕೊಳ್ಳುವವನು ಅಷ್ಟನ್ನು ಬಿಟ್ಟುಕೊಟ್ಟಂತೆ. ನೈಜ ಬಡ್ಡಿ ಸೊನ್ನೆಗಿಂತ ಕೆಳಗಿಳಿದರೆ ಬಾಂಡ್ ಹಿಡಿದವನ ಹಣವೇ ಕರಗುತ್ತದೆ, ಆಗ ಚಿನ್ನ ಮೇಲೆನಿಸುತ್ತದೆ. ಅಂದರೆ ಬಡ್ಡಿ ಏರಿದರೆ ಚಿನ್ನ ಇಳಿಯಬೇಕು.

ಇಳಿಯಿತು ಕೂಡ. 2012ರ ಕೊನೆಯಲ್ಲಿ ಹತ್ತು ವರ್ಷದ ಟಿಪ್ಸ್ ಇಳುವರಿ ಸುಮಾರು ಮೈನಸ್ ಶೇ 0.7 ಇತ್ತು, ಚಿನ್ನ ಔನ್ಸಿಗೆ ಸುಮಾರು 1,660 ಡಾಲರ್. ಬಾಂಡ್ ಖರೀದಿಯನ್ನು ತಗ್ಗಿಸುವುದಾಗಿ ಅಮೆರಿಕದ ಫೆಡರಲ್ ರಿಸರ್ವ್ 2013ರಲ್ಲಿ ಸುಳಿವು ಕೊಟ್ಟದ್ದೇ ತಡ, ಇಳುವರಿ ಪ್ಲಸ್ 0.8ಕ್ಕೆ ಏರಿತು, ವರ್ಷ ಮುಗಿಯುವಾಗ ಚಿನ್ನ 1,200 ಡಾಲರಿಗೆ ಕುಸಿದಿತ್ತು. ಒಂದೂವರೆ ಅಂಶದ ಏರಿಕೆಗೆ 460 ಡಾಲರ್ ಇಳಿಕೆ, ಅಂದರೆ ಒಂದು ಅಂಶಕ್ಕೆ ಸುಮಾರು 300 ಡಾಲರ್. ವಿಶ್ಲೇಷಕರು ಒಂದೇ ವರ್ಷದ ಬದಲು ಹತ್ತು ಹದಿನೈದು ವರ್ಷಗಳ ಅಂಕಿಗಳನ್ನು ಹಾಕಿ ಇನ್ನೂ ನಾಜೂಕಾಗಿ ಲೆಕ್ಕ ಮಾಡುತ್ತಾರೆ, ಆದರೆ ಮಾಡುವ ಕೆಲಸ ಇದೇ: ಚುಕ್ಕಿಗಳ ನಡುವೆ ಒಂದು ಗೆರೆ ಎಳೆದು, ಇಂದಿನ ಬಡ್ಡಿಗೆ ಆ ಗೆರೆ ಯಾವ ಬೆಲೆ ತೋರಿಸುತ್ತದೋ ಅದನ್ನು ‘ಫೇರ್ ವ್ಯಾಲ್ಯೂ’ ಎನ್ನುವುದು. 2020ರ ಆಗಸ್ಟ್‌ನಲ್ಲಿ ನೈಜ ಬಡ್ಡಿ ಮೈನಸ್ 1ಕ್ಕೆ ಇಳಿದು ಚಿನ್ನ ಮೊದಲ ಸಲ 2,000 ಡಾಲರ್ ದಾಟಿದಾಗ ಈ ಗೆರೆಯ ಮೇಲಿನ ನಂಬಿಕೆ ಇನ್ನೂ ಗಟ್ಟಿಯಾಯಿತು.

ಈಗ ಅದೇ 300 ಡಾಲರಿನ ಲೆಕ್ಕವನ್ನು 2022ಕ್ಕೆ ಹಚ್ಚಿ ನೋಡೋಣ. ವರ್ಷದ ಆರಂಭದಲ್ಲಿ ನೈಜ ಬಡ್ಡಿ ಸುಮಾರು ಮೈನಸ್ 1, ಚಿನ್ನ ಸುಮಾರು 1,800 ಡಾಲರ್. ಫೆಡರಲ್ ರಿಸರ್ವ್ ಬಡ್ಡಿಯನ್ನು ರಭಸವಾಗಿ ಏರಿಸಿದ ಆ ವರ್ಷದ ಕೊನೆಗೆ ನೈಜ ಬಡ್ಡಿ ಪ್ಲಸ್ 1.5ಕ್ಕೆ ಬಂದಿತ್ತು. ಎರಡೂವರೆ ಅಂಶದ ಏರಿಕೆ. ಲೆಕ್ಕದ ಪ್ರಕಾರ 750 ಡಾಲರ್ ಇಳಿದು ಚಿನ್ನ 1,050ರ ಹತ್ತಿರ ನಿಲ್ಲಬೇಕಿತ್ತು. ನಿಂತದ್ದು ಮತ್ತೆ 1,800ರ ಆಸುಪಾಸಿನಲ್ಲೇ. ಅಂದು ಈ ಗೆರೆಯನ್ನು ನಂಬಿ ‘ಚಿನ್ನ ವಿಪರೀತ ದುಬಾರಿ, ಮಾರಿಬಿಡಿ’ ಎಂದವರ ಮಾತು ಕೇಳಿದವರಿಗೆ ಏನಾಯಿತು? 2023ರಲ್ಲಿ ನೈಜ ಬಡ್ಡಿ ಶೇ 2 ದಾಟಿದರೂ ಚಿನ್ನ ಬೀಳಲಿಲ್ಲ. 2024ರಲ್ಲಿ ಅದು ಕಾಲು ಪಾಲಿಗೂ ಹೆಚ್ಚು ಏರಿತು, 2025ರ ಅಕ್ಟೋಬರ್‌ನಲ್ಲಿ 4,000 ಡಾಲರ್ ದಾಟಿತು.

ಆಗಿದ್ದೇನೆಂದರೆ ಕೊಳ್ಳುವವರೇ ಬದಲಾಗಿದ್ದರು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಬೆನ್ನಲ್ಲೇ ಪಾಶ್ಚಾತ್ಯ ದೇಶಗಳು ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 300 ಶತಕೋಟಿ ಡಾಲರ್ ಮೀಸಲನ್ನು ಸ್ತಂಭನಗೊಳಿಸಿದವು. ಬೇರೆಯವರ ಲೆಕ್ಕಪುಸ್ತಕದಲ್ಲಿರುವ ಹಣ ಬೇಕೆಂದಾಗ ಕೈಗೆ ಸಿಗದೇ ಹೋಗಬಹುದು ಎಂಬುದು ಉಳಿದ ದೇಶಗಳಿಗೆ ಮನವರಿಕೆಯಾಯಿತು. ವರ್ಲ್ಡ್ ಗೋಲ್ಡ್ ಕೌನ್ಸಿಲ್ ಅಂದಾಜಿನಂತೆ 2022, 2023, 2024 ಈ ಮೂರೂ ವರ್ಷ ಕೇಂದ್ರ ಬ್ಯಾಂಕುಗಳು ಸಾವಿರ ಟನ್ನಿಗೂ ಹೆಚ್ಚು ಚಿನ್ನ ಕೊಂಡವು. ಅದರ ಹಿಂದಿನ ದಶಕದ ಸರಾಸರಿಗೆ ಹೋಲಿಸಿದರೆ ಇದು ಎರಡು ಪಟ್ಟು. ಟಿಪ್ಸ್ ಶೇ 2 ಕೊಡುತ್ತದೆಯೇ ಎಂದು ನೋಡಿ ಚಿನ್ನದ ಇಟಿಎಫ್ ಮಾರುವ ಹೂಡಿಕೆದಾರನ ಲೆಕ್ಕವೇ ಬೇರೆ, ಜಪ್ತಿಯ ಭಯದಿಂದ ಕೊಳ್ಳುವ ಕೇಂದ್ರ ಬ್ಯಾಂಕಿನ ಲೆಕ್ಕವೇ ಬೇರೆ. ಹಳೆಯ ಗೆರೆಯಲ್ಲಿ ಇದ್ದದ್ದು ಮೊದಲನೆಯವನ ನಡವಳಿಕೆ ಮಾತ್ರ.

ಈ ದೌರ್ಬಲ್ಯವನ್ನು ಮೊದಲೇ ಕಂಡವರಿದ್ದರು. ಕ್ಲಾಡ್ ಎರ್ಬ್ ಮತ್ತು ಕ್ಯಾಂಪ್‌ಬೆಲ್ ಹಾರ್ವೆ 2013ರಲ್ಲೇ ತಮ್ಮ ಪ್ರಬಂಧದಲ್ಲಿ, ನೈಜ ಬಡ್ಡಿ ಮತ್ತು ಚಿನ್ನ ಜೊತೆಜೊತೆಗೆ ಚಲಿಸಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು ಎಂದು ಎಚ್ಚರಿಸಿದ್ದರು. ಆರ್ಥಿಕ ಭೀತಿ ಹುಟ್ಟಿದಾಗ ಜನ ಬಾಂಡನ್ನೂ ಕೊಳ್ಳುತ್ತಾರೆ, ಚಿನ್ನವನ್ನೂ ಕೊಳ್ಳುತ್ತಾರೆ. ಎರಡಕ್ಕೂ ಮೂಲ ಅದೇ ಭೀತಿಯಾಗಿದ್ದರೆ, ಆ ಭೀತಿಯ ಸ್ವರೂಪ ಬದಲಾದ ದಿನ ನಂಟೂ ಕಳಚುತ್ತದೆ. ಈಗ ಹಲವು ವರದಿಗಳು ಕೇಂದ್ರ ಬ್ಯಾಂಕ್ ಖರೀದಿಯನ್ನೂ ಸೂತ್ರಕ್ಕೆ ಸೇರಿಸಿ ಗೆರೆಯನ್ನು ಮತ್ತೆ ಬೆಲೆಗೆ ಹೊಂದಿಸಿವೆ. ನಡೆದುಹೋದದ್ದಕ್ಕೆ ಅದು ಒಳ್ಳೆಯ ವಿವರಣೆ. ಆದರೆ ಮುಂದಿನ ವರ್ಷ ಆ ಬ್ಯಾಂಕುಗಳು ಎಷ್ಟು ಟನ್ ಕೊಳ್ಳುತ್ತವೆ ಎಂದು ಗೊತ್ತಿಲ್ಲದೆ ಮುಂದಿನ ವರ್ಷದ ‘ಸರಿಯಾದ ಬೆಲೆ’ ಹೇಳಲು ಅದರಿಂದ ಆಗದು.

ಇನ್ನು ಉತ್ಪಾದನಾ ವೆಚ್ಚ. ಗಣಿ ಕಂಪನಿಗಳು 2013ರಿಂದ ಬಹುಮಟ್ಟಿಗೆ ಒಂದೇ ಮಾದರಿಯಲ್ಲಿ ವೆಚ್ಚ ತೋರಿಸುತ್ತಿವೆ: ಅಗೆತ, ಸಂಸ್ಕರಣೆ, ಕಚೇರಿ ಖರ್ಚು, ಗಣಿಯನ್ನು ನಡೆಸಿಕೊಂಡು ಹೋಗಲು ಬೇಕಾದ ಬಂಡವಾಳ ಎಲ್ಲ ಸೇರಿಸಿ ಔನ್ಸಿಗೆ ಇಷ್ಟು ಎಂದು. ಇದರ ಕೆಳಗೆ ಬೆಲೆ ಇಳಿಯದು, ಇಳಿದರೆ ಗಣಿಗಳು ಮುಚ್ಚಿ ಪೂರೈಕೆ ಕುಗ್ಗುತ್ತದೆ ಎಂಬುದು ವಾದ. ತಾಮ್ರಕ್ಕೋ ಕಚ್ಚಾ ತೈಲಕ್ಕೋ ಇದು ಸಾಕಷ್ಟು ಒಪ್ಪುತ್ತದೆ, ಏಕೆಂದರೆ ಅವು ಬಳಕೆಯಲ್ಲಿ ಮುಗಿದುಹೋಗುತ್ತವೆ ಅಥವಾ ತಂತಿ, ಯಂತ್ರಗಳೊಳಗೆ ಸೇರಿಹೋಗುತ್ತವೆ. ಇದುವರೆಗೆ ಅಗೆದ ಚಿನ್ನ ಮಾತ್ರ ಬಹುಪಾಲು ಹಾಗೇ ಉಳಿದಿದೆ, ಸುಮಾರು 2,16,000 ಟನ್. ವರ್ಷಕ್ಕೆ ಗಣಿಗಳಿಂದ ಬರುವುದು ಸುಮಾರು 3,600 ಟನ್, ಅಂದರೆ ಇರುವುದರ ಶೇ 2ಕ್ಕೂ ಕಡಿಮೆ. ಇರುವ ಚಿನ್ನದ ಒಡೆಯರಲ್ಲಿ ನೂರಕ್ಕೆ ಒಬ್ಬರು ಮಾರಲು ಮನಸ್ಸು ಮಾಡಿದರೂ ಅರ್ಧ ವರ್ಷದ ಗಣಿಗಾರಿಕೆಗಿಂತ ಹೆಚ್ಚು ಸರಕು ಮಾರುಕಟ್ಟೆಗೆ ಬರುತ್ತದೆ.

ಇದನ್ನು ನಮ್ಮ ಕೋಲಾರ ನೋಡಿದೆ. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಅಗೆಯಬೇಕಾಗಿತ್ತು, ಮೇಲೆ ಬಂದ ಅದಿರಿನಲ್ಲಿ ಚಿನ್ನದ ಅಂಶ ಕ್ಷೀಣಿಸುತ್ತಲೇ ಇತ್ತು. ಒಂದು ಗ್ರಾಂ ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರಿ ವರ್ಷಗಳೇ ಕಳೆದಿದ್ದವು. ವೆಚ್ಚ ಹೆಚ್ಚೆಂದು ಬೆಲೆಯೇನೂ ಮೇಲೇರಿ ಬರಲಿಲ್ಲ. 2001ರ ಫೆಬ್ರುವರಿ ಕೊನೆಗೆ ಗಣಿಯೇ ಮುಚ್ಚಿತು. ಅಂದು ಚಿನ್ನ ಔನ್ಸಿಗೆ 260 ಡಾಲರಿನ ಸುತ್ತಮುತ್ತ ಇತ್ತು. ನಷ್ಟವನ್ನು ಹೊತ್ತವರು ಅಲ್ಲಿನ ಕಾರ್ಮಿಕರು ಮತ್ತು ಅವರ ಕುಟುಂಬಗಳು.

ಇದರ ಜೊತೆಗೆ ವೆಚ್ಚವೇ ಬೆಲೆಯ ಹಿಂದೆ ಓಡುತ್ತದೆ. ಚಿನ್ನದ ಬೆಲೆ ಏರಿದಾಗ ಟನ್ನಿಗೆ ಒಂದು ಗ್ರಾಂ ಇರುವ ಬಡ ಅದಿರನ್ನು ಅರೆಯುವುದೂ ಲಾಭವೆನಿಸುತ್ತದೆ, ಆಗ ಔನ್ಸಿನ ಸರಾಸರಿ ಖರ್ಚು ತಾನಾಗಿ ಮೇಲೇಳುತ್ತದೆ. ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಕಟ್ಟುವ ರಾಯಧನವೂ ಹೆಚ್ಚುತ್ತದೆ. 2020ರಲ್ಲಿ ಜಾಗತಿಕ ಸರಾಸರಿ ವೆಚ್ಚ ಔನ್ಸಿಗೆ ಸಾವಿರ ಡಾಲರಿನ ಹತ್ತಿರವಿತ್ತು, 2024ರಲ್ಲಿ 1,400 ದಾಟಿತು. ತಾಮ್ರವೂ ಸಿಗುವ ಗಣಿಗಳು ತಾಮ್ರ ಮಾರಿದ ಹಣವನ್ನು ಚಿನ್ನದ ವೆಚ್ಚದಿಂದ ಕಳೆದು ತೋರಿಸುವುದೂ ಉಂಟು. ತಾಮ್ರದ ದರ ಏರಿದರೆ ಚಿನ್ನ ಅಗ್ಗವಾಗಿ ಸಿಕ್ಕಂತೆ ಕಾಣುತ್ತದೆ. ಇಂಥ ಅಂಕಿಯಿಂದ ಕಂಪನಿಗೆ ಎಷ್ಟು ಉಸಿರಿದೆ ಎಂದು ತಿಳಿಯಬಹುದು. ಚಿನ್ನದ ಬೆಲೆಗೆ ಅದನ್ನು ನೆಲಗಟ್ಟು ಮಾಡಿಕೊಳ್ಳಲಾಗದು.

ಹಾಗಾಗಿ ‘ಫೇರ್ ವ್ಯಾಲ್ಯೂ’ ಅಂಕಿ ಕಣ್ಣಿಗೆ ಬಿದ್ದಾಗ ಗೆರೆ ಯಾವ ವರ್ಷದಿಂದ ಯಾವ ವರ್ಷದವರೆಗಿನದು ಎಂದು ಮೊದಲು ನೋಡಬೇಕು. 2007ರಿಂದ 2021ರ ಅಂಕಿಗಳ ಮೇಲೆ ಎಳೆದ ಗೆರೆ ಆ ಅವಧಿಯೊಳಗೆ ಎಷ್ಟೇ ಚೆನ್ನಾಗಿ ಕೂತರೂ ಅದಕ್ಕೆ ಪರೀಕ್ಷೆ ಆಮೇಲಿನ ವರ್ಷಗಳೇ. ಬೆಲೆಗೂ ಗೆರೆಗೂ ಇರುವ ಅಂತರ ಕೆಲವು ತಿಂಗಳಲ್ಲಿ ಮುಚ್ಚಿಕೊಂಡರೆ ಬೆಲೆ ದಾರಿ ತಪ್ಪಿತ್ತು ಎನ್ನಬಹುದು. ಮೂರು ವರ್ಷ ಹಿಗ್ಗುತ್ತಲೇ ಹೋದರೆ ತಪ್ಪಿದ್ದು ಗೆರೆ. ನಮ್ಮಲ್ಲಿ ಒಡವೆ ಕೊಳ್ಳುವವರು ಇನ್ನೂ ಒಂದನ್ನು ಸೇರಿಸಿಕೊಳ್ಳಬೇಕು: ಆ ಅಂಕಿ ಡಾಲರಿನದು. 2024ರ ಜುಲೈ ಬಜೆಟ್ಟಿನಲ್ಲಿ ಚಿನ್ನದ ಆಮದು ಸುಂಕ ಶೇ 15ರಿಂದ ಶೇ 6ಕ್ಕೆ ಇಳಿದಾಗ ಅಂಗಡಿಯ ದರ ಒಂದೇ ದಿನದಲ್ಲಿ ಕುಸಿಯಿತು. ಅಮೆರಿಕದ ನೈಜ ಬಡ್ಡಿಯಾಗಲಿ ಗಣಿಯ ವೆಚ್ಚವಾಗಲಿ ಅಂದು ಅಲುಗಿರಲಿಲ್ಲ.